ಬಿನ್ನವತ್ತಳೆಯಲ್ಲಿ ಏನು ಬರೆಯಬೇಕು?

ನಮ್ಮ ಬಾಗಲಕೋಟೆ ಜಿಲ್ಲೆಯ ಶಾಲೆಗಳಲ್ಲಿ ವಯೋನಿವೃತ್ತಿಯ ಸಮಾರಂಭಕ್ಕೆ ಒಂದು ರೂಢಿಯ ಸ್ವರೂಪವಿದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಮನೆಯವರಿಗೆ ಇಲಕಲ್ ಸೀರೆ, ಕೊನೆಗೆ ಚೌಕಟ್ಟು ಹಾಕಿಸಿದ ಬಿನ್ನವತ್ತಳೆ. ಇವುಗಳಲ್ಲಿ ಹತ್ತು ವರ್ಷ ಆದಮೇಲೂ ಗೋಡೆಯ ಮೇಲೆ ಉಳಿಯುವುದು ಬಿನ್ನವತ್ತಳೆ ಒಂದೇ. ಆದರೆ ಹೆಚ್ಚಿನ ಸಲ ಅದನ್ನು ಮುದ್ರಣಾಲಯದಲ್ಲಿರುವ ಹಳೆಯ ಮಾದರಿಗೆ ಹೊಸ ಹೆಸರು ಸೇರಿಸಿ ತರುತ್ತಾರೆ.

ಇಂಟರ್ನ್‌ಶಿಪ್‌ಗೆಂದು ನಾನು ಇಲಕಲ್ ಸಮೀಪದ ಒಂದು ಪ್ರೌಢಶಾಲೆಯಲ್ಲಿದ್ದಾಗ, ಅಲ್ಲಿನ ಪ್ರಯೋಗಾಲಯ ಸಹಾಯಕರ ಬಿನ್ನವತ್ತಳೆ ಬರೆಯುವ ಕೆಲಸವನ್ನು ಮುಖ್ಯ ಗುರುಗಳು ನನಗೆ ವಹಿಸಿದರು. ವಿಜ್ಞಾನದ ಪ್ರಶಿಕ್ಷಣಾರ್ಥಿ ಎಂಬುದೇ ಕಾರಣ. ಮಕ್ಕಳೆಲ್ಲ ಅವರನ್ನು ಕಾಕಾ ಎನ್ನುತ್ತಾರೆ. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಆ ಪತ್ರವನ್ನು ಹೇಗೆ ಸಿದ್ಧಪಡಿಸಿದೆ ಎಂಬುದನ್ನು ಹಂತಹಂತವಾಗಿ ವಿವರಿಸುವುದು ಈ ಲೇಖನದ ಉದ್ದೇಶ. ನಾವೆಲ್ಲ ನಾಳೆ ಯಾವುದಾದರೂ ಶಾಲೆಯಲ್ಲಿ ಈ ಕೆಲಸ ಮಾಡಬೇಕಾದವರೇ.

ದಿನಾಂಕದ ಮಾತು ಮೊದಲು

ಕಾಕಾ ಅವರ ನಿವೃತ್ತಿ ಮೇ 31ಕ್ಕೆ. ರಾಜ್ಯದಲ್ಲಿ ನಿವೃತ್ತಿ ವಯಸ್ಸು 60. ಹುಟ್ಟಿದ ತಿಂಗಳಿನ ಕೊನೆಯ ದಿನ ಸೇವೆ ಮುಗಿಯುತ್ತದೆ. ಒಂದನೆಯ ತಾರೀಖಿಗೆ ಹುಟ್ಟಿದವರಿಗೆ ಮಾತ್ರ ಹಿಂದಿನ ತಿಂಗಳಿನ ಕೊನೆಯ ದಿನ. ಹಿಂದೆ ಶಾಲೆಗೆ ಸೇರಿಸುವಾಗ ಗುರುಗಳೇ ಜೂನ್ 1 ಎಂದು ಜನ್ಮದಿನ ಬರೆದುಕೊಂಡವರು ಬಹಳ. ಹಾಗಾಗಿ ಕರ್ನಾಟಕದಲ್ಲಿ ಮೇ 31ರಂದು ನಿವೃತ್ತರಾಗುವವರ ಸಂಖ್ಯೆ ದೊಡ್ಡದು. ಕಾಕಾ ಅವರೂ ದಾಖಲೆಯ ಪ್ರಕಾರ ಜೂನ್ 1ರವರೇ.

ಇದು ಸಮಾರಂಭಕ್ಕೆ ಸಂಬಂಧಿಸಿದ ಸಂಗತಿ. ಮೇ ಕೊನೆಗೆ ಶಾಲೆ ಆಗಷ್ಟೇ ತೆರೆದಿರುತ್ತದೆ, ಅವರ ಕೈಯಲ್ಲಿ ಪ್ರಯೋಗ ಕಲಿತ ಹತ್ತನೆಯ ತರಗತಿಯವರು ಊರು ಬಿಟ್ಟಿರುತ್ತಾರೆ. ಅದಕ್ಕೇ ಶಾಲೆಯವರು ಹತ್ತನೆಯವರ ಬೀಳ್ಕೊಡುಗೆಯ ದಿನವೇ ಕಾಕಾ ಅವರ ಸನ್ಮಾನವನ್ನೂ ಇಟ್ಟರು. ಪತ್ರ ಓದುವಾಗ ಕೇಳುವವರು ಯಾರು ಎಂಬುದು ಅಲ್ಲಿಗೇ ತೀರ್ಮಾನವಾಯಿತು: ಮಕ್ಕಳು, ಸಿಬ್ಬಂದಿ, ಕಾಕಾ ಅವರ ಮನೆಯವರು. ಮೂವರಿಗೂ ತಿಳಿಯುವ ಮಾತಿನಲ್ಲಿ ಬರೆಯಬೇಕು.

ಹೆಸರು ಬದಲಿಸಿ ಓದುವ ಪರೀಕ್ಷೆ

ಶಾಲೆಯ ಕಪಾಟಿನಲ್ಲಿದ್ದ ಹಳೆಯ ಬಿನ್ನವತ್ತಳೆಗಳನ್ನು ತೆಗೆದು ಓದಿದೆ. ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’, ‘ಅಜಾತಶತ್ರು’, ‘ಎಲೆಮರೆಯ ಕಾಯಿ’ ಎಂಬ ಮಾತುಗಳು ಬಹುತೇಕ ಎಲ್ಲದರಲ್ಲೂ ಇದ್ದವು. ಇವುಗಳಲ್ಲಿ ಸುಳ್ಳು ಎನ್ನುವಂಥದ್ದು ಏನೂ ಇಲ್ಲ. ಆದರೆ ಒಂದು ವಾಕ್ಯದಲ್ಲಿ ಹೆಸರು ಬದಲಿಸಿ ಓದಿದಾಗ ಅದು ಹಾಗೆಯೇ ಹೊಂದಿಕೊಂಡರೆ, ಆ ವಾಕ್ಯ ಇಬ್ಬರ ಬಗೆಗೂ ಏನನ್ನೂ ಹೇಳಿಲ್ಲ. ಎಲೆಮರೆಯ ಕಾಯಿ ಎಂದಾಗ ಕಾಯಿ ಯಾವುದು ಎಂದು ಹೇಳದಿದ್ದರೆ ಕೇಳುವವರಿಗೆ ಎಲೆ ಮಾತ್ರ ಕಾಣುತ್ತದೆ.

ಇದಕ್ಕೆ ಎದುರಾದ ಮಾದರಿ ನಮ್ಮ ಜಿಲ್ಲೆಯಲ್ಲೇ ಇದೆ. ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದಳು; ಅರಸನ ಕಂಚಿ ವಿಜಯದ ನೆನಪಿಗೆ. ಅಲ್ಲಿನ ಹಳಗನ್ನಡ ಶಾಸನಗಳು ಕಟ್ಟಿಸಿದವಳ ಜೊತೆಗೆ ಕಟ್ಟಿದವರನ್ನೂ ಹೆಸರಿಸುತ್ತವೆ. ಸೂತ್ರಧಾರಿ ಗುಂಡ ಅನಿವಾರಿತಾಚಾರಿಗೆ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟ ಸಂಗತಿ ಒಂದರಲ್ಲಿದೆ. ಇನ್ನೊಂದು ಸರ್ವಸಿದ್ಧಿ ಆಚಾರಿಯನ್ನು ಕುರಿತದ್ದು. ಅವನ ಗುಣವನ್ನು ಹೊಗಳುವುದರ ಜೊತೆಗೆ ಅವನು ಮಾಡಿದ್ದೇನು ಎಂದು ಅದು ಪಟ್ಟಿ ಕೊಡುತ್ತದೆ: ಮನೆ, ಅರಮನೆ, ವಾಹನ, ಆಸನ, ಮಂಚ. ಅವನು ತೆಂಕಣ ದಿಕ್ಕಿನ ಸೂತ್ರಧಾರಿ ಎಂದು ಅವನ ಕ್ಷೇತ್ರವನ್ನೂ ಹೇಳುತ್ತದೆ. ಹೊಗಳಿಕೆಯ ಮಾತು ಅದರಲ್ಲೂ ಸಾಕಷ್ಟಿದೆ. ಆದರೆ ಆ ಪಟ್ಟಿಯಿಂದಾಗಿ, ಸುಮಾರು 1280 ವರ್ಷಗಳ ಮೇಲೂ ಅವನು ಏನು ಕೆಲಸ ಬಲ್ಲವನು ಎಂದು ನಮಗೆ ಗೊತ್ತಾಗುತ್ತದೆ. ನನ್ನ ಪತ್ರಕ್ಕೂ ಅಂಥ ಒಂದು ಪಟ್ಟಿ ಬೇಕಿತ್ತು.

ಪಟ್ಟಿ ಸಿಗುವುದು ಎಲ್ಲಿ?

ಮೊದಲು ನೋಡಬೇಕಾದದ್ದು ಸೇವಾ ಪುಸ್ತಕ. ಅದು ಕಚೇರಿಯ ದಾಖಲೆ, ನಮ್ಮ ಕೈಗೆ ಬರುವಂಥದ್ದಲ್ಲ. ಮುಖ್ಯ ಗುರುಗಳೇ ಅದನ್ನು ನೋಡಿ ನೇಮಕದ ದಿನ, ಹುದ್ದೆಯ ಹೆಸರು ಎರಡನ್ನು ಹೇಳಿದರು. ರಜೆ, ವೇತನ ಬಡ್ತಿಗಳ ವಿವರ ಪತ್ರಕ್ಕೆ ಬೇಕಿಲ್ಲ. ಸೇವಾ ಪುಸ್ತಕದಿಂದ ಎಷ್ಟು ವರ್ಷ ಎಂದು ಗೊತ್ತಾಗುತ್ತದೆ. ಆ ವರ್ಷಗಳಲ್ಲಿ ಏನಾಯಿತು ಎಂದು ಗೊತ್ತಾಗುವುದಿಲ್ಲ.

ಎರಡನೆಯದು ಪ್ರಯೋಗಾಲಯದ ಸ್ಟಾಕ್ ರಜಿಸ್ಟರ್ ಮತ್ತು ಒಡೆದ ಸಾಮಾನಿನ ಪುಸ್ತಕ. ಒಡೆದದ್ದನ್ನು ಬರೆಯುವಾಗ ಹೆಚ್ಚಿನವರು ದಿನಾಂಕ, ಸಾಮಾನು, ಸಂಖ್ಯೆ ಬರೆದು ಬಿಡುತ್ತಾರೆ. ಕಾಕಾ ಪಕ್ಕದಲ್ಲಿ ಕಾರಣವನ್ನೂ ಬರೆದಿದ್ದರು. ಹಳೆಯ ಪುಟಗಳಲ್ಲಿ ‘ಬಿಸಿ ನಳಿಕೆ, ತಣ್ಣೀರು’ ಎಂಬ ಟಿಪ್ಪಣಿ ಮತ್ತೆ ಮತ್ತೆ ಬರುತ್ತದೆ. ಕಾಯಿಸಿದ ಪರೀಕ್ಷಾ ನಳಿಕೆಯನ್ನು ಮಕ್ಕಳು ಅವಸರದಲ್ಲಿ ನಲ್ಲಿಯ ಕೆಳಗೆ ಹಿಡಿದರೆ ಗಾಜು ಸೀಳುತ್ತದೆ. ಒಂದು ಪುಟದಿಂದ ಮುಂದೆ ಈ ಕಾರಣ ಅಪರೂಪವಾಗುತ್ತದೆ. ಏಕೆಂದು ಕೇಳಿದಾಗ ಪ್ರತಿ ಮೇಜಿನ ಮೇಲಿದ್ದ ಮರಳಿನ ತಟ್ಟೆ ತೋರಿಸಿದರು. ಬಿಸಿ ನಳಿಕೆ ಮೊದಲು ಅದರಲ್ಲಿ ಆರಬೇಕು, ಆಮೇಲೆ ತೊಳೆಯುವುದು. ಆ ತಟ್ಟೆಗಳನ್ನು ಇಟ್ಟವರು ಅವರೇ.

ಮೂರನೆಯದು ಜನ. ‘ಕಾಕಾ ಹೇಗೆ?’ ಎಂದು ಕೇಳಿದರೆ ‘ಭಾಳ ಛಲೋ ಮನಷ್ಯಾ’ ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಅದಕ್ಕೆ ಪ್ರಶ್ನೆ ಬದಲಿಸಿದೆ: ‘ಸೋಮವಾರ ಅವರು ಬರದಿದ್ದರೆ ಯಾವ ಕೆಲಸ ನಿಲ್ಲುತ್ತದೆ?’ ವಿಜ್ಞಾನ ಶಿಕ್ಷಕರು ಸ್ವಲ್ಪ ಯೋಚಿಸಿ, ‘ಸುಣ್ಣದ ತಿಳಿನೀರು’ ಎಂದರು.

ಸುಣ್ಣದ ತಿಳಿನೀರಿನ ಸಂಗತಿ

ಹತ್ತನೆಯ ತರಗತಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಅನಿಲವನ್ನು ಗುರುತಿಸಲು ಸುಣ್ಣದ ತಿಳಿನೀರು ಬೇಕು. ಅನಿಲ ಹಾಯಿಸಿದಾಗ ಅದು ಹಾಲಿನಂತಾಗಬೇಕು. ನೀರು ಮೊದಲೇ ಮಸುಕಾಗಿದ್ದರೆ ಅಥವಾ ಹಳೆಯದಾಗಿ ಸತ್ವ ಕಳೆದುಕೊಂಡಿದ್ದರೆ ಪ್ರಯೋಗ ಕೈಕೊಡುತ್ತದೆ. ಪಾಠ ಹೇಳುವ ನಾವು ಸಿದ್ಧವಾಗಿದ್ದ ಬಾಟಲಿ ಎತ್ತಿಕೊಳ್ಳುತ್ತೇವೆ, ಅಷ್ಟೇ.

ಕಾಕಾ ವಿವರಿಸಿದ್ದು ಹೀಗೆ: ‘ಇವತ್ತ ಮಾಡಿ ಇವತ್ತ ಬಳಸಾಕ ಬರೂದಿಲ್ಲರೀ ಮೇಡಂ. ರಾತ್ರಿ ಇಡಬೇಕ್ರೀ, ಮುಂಜಾನಿ ಮ್ಯಾಲಿನ ತಿಳಿ ಅಷ್ಟ ತಗೀಬೇಕ್ರೀ. ಬಾಟ್ಲಿ ಕುತಗಿ ಮಟ ತುಂಬಬೇಕು, ಒಳಗ ಗಾಳಿ ಉಳೀಬಾರ್ದು.’

ಈ ಮೂರು ಮಾತಿನಲ್ಲೂ ರಸಾಯನಶಾಸ್ತ್ರವಿದೆ. ಒಂದು ಲೀಟರ್ ನೀರಿನಲ್ಲಿ ಅರಳಿದ ಸುಣ್ಣ ಕರಗುವುದು ಎರಡು ಗ್ರಾಂಗಿಂತ ಕಡಿಮೆ. ಹೆಚ್ಚು ಹಾಕಿದ್ದು ತಳಕ್ಕೆ ಇಳಿಯಲು ರಾತ್ರಿಯಿಡೀ ಬೇಕು. ಬೇಗ ಆಗಲಿ ಎಂದು ಕಾಯಿಸಿದರೆ ಉಪಯೋಗವಿಲ್ಲ, ಏಕೆಂದರೆ ಈ ಸುಣ್ಣ ಬಿಸಿ ನೀರಿನಲ್ಲಿ ಇನ್ನೂ ಕಡಿಮೆ ಕರಗುತ್ತದೆ. ಬಾಟಲಿಯಲ್ಲಿ ಗಾಳಿ ಉಳಿದರೆ ಅದರಲ್ಲಿರುವ ಕಾರ್ಬನ್ ಡೈಆಕ್ಸೈಡ್ ಸೇರಿ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಆ ಪೊರೆ ಕಂಡರೆ ನೀರು ಹಳೆಯದಾಗುತ್ತಿದೆ ಎಂದು ತಿಳಿಯಬೇಕು. ಕಾಕಾ ವಾರದ ಪಾಠ ಯೋಜನೆ ನೋಡಿ ಹಿಂದಿನ ಸಂಜೆಯೇ ಇದನ್ನು ಮಾಡಿಡುತ್ತಿದ್ದರು. ಇದು ಯಾವ ರಜಿಸ್ಟರಿನಲ್ಲೂ ಇಲ್ಲ. ಅವರ ಜಾಗಕ್ಕೆ ಸದ್ಯಕ್ಕೆ ಯಾರೂ ಬರುವುದಿಲ್ಲ ಎಂಬುದನ್ನು ಗಮನಿಸಿದರೆ, ಪತ್ರದಲ್ಲಿ ಬರೆಯದೆ ಹೋದರೆ ಅವರ ಜೊತೆಗೇ ಹೋಗುವ ತಿಳಿವಳಿಕೆ ಇದು.

ಏನನ್ನು ಬಿಟ್ಟೆ?

‘ಇಷ್ಟು ವರ್ಷಗಳಲ್ಲಿ ಪ್ರಯೋಗಾಲಯದಲ್ಲಿ ಒಂದೂ ಅವಘಡವಾಗಿಲ್ಲ’ ಎಂದು ಬರೆಯಲು ಒಬ್ಬರು ಸೂಚಿಸಿದರು. ಅದನ್ನು ತೋರಿಸುವ ದಾಖಲೆ ಇಲ್ಲ, ಸಭೆಯಲ್ಲಿ ಯಾರಿಗಾದರೂ ಸುಟ್ಟ ಬೆರಳು ನೆನಪಿಗೆ ಬಂದರೆ ಇಡೀ ಪತ್ರದ ಮೇಲಿನ ನಂಬಿಕೆ ಹೋಗುತ್ತದೆ. ಬಿಟ್ಟೆ. ಅವರ ಮನೆಯ ಕಷ್ಟದ ಸಂಗತಿಯೊಂದನ್ನು ಇನ್ನೊಬ್ಬರು ಹೇಳಿದರು. ಕಾಕಾ ಅವರನ್ನೇ ಕೇಳಿದೆ. ‘ಅದು ಬ್ಯಾಡ್ರೀ’ ಎಂದರು. ಅದನ್ನೂ ಬಿಟ್ಟೆ. ಅವರನ್ನು ಹೊಗಳುವ ಭರದಲ್ಲಿ ಶಿಕ್ಷಕರಿಗೆ ಪ್ರಯೋಗ ಬರುತ್ತಿರಲಿಲ್ಲ ಎಂಬ ಅರ್ಥ ಬರುವ ವಾಕ್ಯವನ್ನೂ ತಿದ್ದಿದೆ. ಕೊನೆಯ ಕರಡನ್ನು ಸಮಾರಂಭಕ್ಕೆ ಎರಡು ದಿನ ಮೊದಲು ಅವರಿಗೆ ಓದಿ ಹೇಳಿದೆ.

ಪತ್ರ

ಹೆಸರು ಮತ್ತು ಶಾಲೆಯನ್ನು ಬಿಟ್ಟು ಪತ್ರದ ಒಡಲು ಹೀಗಿತ್ತು:

‘ತಾವು 1992ರ ಆಗಸ್ಟ್‌ನಲ್ಲಿ ಈ ಶಾಲೆಯ ಪ್ರಯೋಗಾಲಯಕ್ಕೆ ಬಂದಿರಿ. ಮೇ 31ಕ್ಕೆ ತಮ್ಮ ಸೇವೆ ಮುಗಿಯುತ್ತದೆ. ನಾವು ಪ್ರಯೋಗ ಮಾಡುವ ದಿನದ ಹಿಂದಿನ ಸಂಜೆ ತಾವು ಸುಣ್ಣದ ನೀರನ್ನು ತಿಳಿಯಾಗಲು ಇಟ್ಟಿರುತ್ತಿದ್ದಿರಿ. ಮರುದಿನ ಅದು ಹಾಲಿನಂತಾದಾಗ ನಾವು ಚಪ್ಪಾಳೆ ತಟ್ಟಿದೆವು. ಆ ಚಪ್ಪಾಳೆಯಲ್ಲಿ ತಮ್ಮ ಪಾಲನ್ನು ಇಂದು ಸಲ್ಲಿಸುತ್ತಿದ್ದೇವೆ. ಒಡೆದ ಪ್ರತಿ ನಳಿಕೆಗೂ ಕಾರಣ ಬರೆದಿರಿ, ಯಾವ ಮಗುವಿನ ಹೆಸರನ್ನೂ ಬರೆಯಲಿಲ್ಲ. ಕಾರಣ ತಿಳಿದ ಮೇಲೆ ಮರಳಿನ ತಟ್ಟೆ ಇಟ್ಟಿರಿ. ತಾವು ಹೇಳಿಕೊಟ್ಟ ವಿಧಾನವನ್ನು ಬರೆದುಕೊಂಡಿದ್ದೇವೆ. ಮುಂದಿನ ವರ್ಷದ ಹತ್ತನೆಯವರಿಗೆ ಅದೇ ರೀತಿ ನೀರು ಸಿದ್ಧವಾಗುತ್ತದೆ.’

ಒಡಲಿನಲ್ಲಿ ವಿಶೇಷಣ ಇಲ್ಲ ಎಂದು ಮುದ್ರಣಾಲಯದವರು ಆಕ್ಷೇಪಿಸಿದರು. ಮೇಲೆ ‘ಪೂಜ್ಯರೇ’, ಕೆಳಗೆ ‘ತಮ್ಮ ವಿಶ್ವಾಸಿಗಳು’ ಎಂಬ ರೂಢಿಯ ಮಾತುಗಳನ್ನು ಹಾಗೆಯೇ ಇಟ್ಟೆವು. ಅವು ಸಭೆಯ ಮರ್ಯಾದೆ. ಓದಲು ಎರಡು ನಿಮಿಷವೂ ಹಿಡಿಯಲಿಲ್ಲ. ಮಗುವಿನ ಹೆಸರು ಬರೆಯಲಿಲ್ಲ ಎಂಬ ಸಾಲಿಗೆ ಹಳೆಯ ವಿದ್ಯಾರ್ಥಿಗಳಾದ ಇಬ್ಬರು ಪಾಲಕರು ಒಬ್ಬರನ್ನೊಬ್ಬರು ನೋಡಿ ನಕ್ಕರು. ನಳಿಕೆ ಒಡೆದವರು ಅವರೇ ಇರಬೇಕು.

ಪತ್ರದ ಕೊನೆಯ ಎರಡು ವಾಕ್ಯಗಳು ಮಾತು ಕೊಡುವ ವಾಕ್ಯಗಳು. ಹಾಗಾಗಿ ಅದಕ್ಕೆ ತಕ್ಕ ಕೆಲಸವೂ ಆಗಬೇಕು. ಸುಣ್ಣದ ನೀರಿನ ವಿಧಾನ, ಕಾಸ್ಟಿಕ್ ಸೋಡಾ ದ್ರಾವಣಕ್ಕೆ ಗಾಜಿನ ಬದಲು ರಬ್ಬರ್ ಬಿರಡೆ, ಸಿಲ್ವರ್ ನೈಟ್ರೇಟ್‌ಗೆ ಕಂದು ಬಾಟಲಿ, ಆಮ್ಲವನ್ನೇ ನೀರಿಗೆ ಸ್ವಲ್ಪಸ್ವಲ್ಪವಾಗಿ ಸೇರಿಸುವುದು, ಇವನ್ನು ಕಾಕಾ ಹೇಳಿದಂತೆ ಒಂದು ಹಾಳೆಯಲ್ಲಿ ಬರೆದು ಸ್ಟಾಕ್ ರಜಿಸ್ಟರಿನ ಒಳರಟ್ಟಿಗೆ ಅಂಟಿಸಿದೆವು. ಬಿನ್ನವತ್ತಳೆ ಅವರ ಮನೆಯ ಗೋಡೆಗೆ ಹೋಯಿತು. ಆ ಹಾಳೆ ಪ್ರಯೋಗಾಲಯದಲ್ಲಿ ಉಳಿಯಿತು. ಅದರ ಕೆಳಗೆ ಅವರ ಸಹಿ ಇದೆ.