ಓಕನ್ ನಿಯಮ

ಓಕನ್ ನಿಯಮವು ಒಂದು ದೇಶದ ಉತ್ಪನ್ನದ ಅಂತರಕ್ಕೂ ಆವರ್ತಕ ನಿರುದ್ಯೋಗಕ್ಕೂ ಇರುವ ವಿಲೋಮ ಸಂಬಂಧವನ್ನು ತಿಳಿಸುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಆರ್ಥರ್ ಓಕನ್ ಇದನ್ನು 1962ರಲ್ಲಿ ಮಂಡಿಸಿದರು. ಇದು ಅಂಕಿಅಂಶಗಳಲ್ಲಿ ಕಂಡುಬಂದ ಸಂಬಂಧವೇ ಹೊರತು ಸಿದ್ಧಾಂತದಿಂದ ಸಾಧಿಸಿದ ಸೂತ್ರವಲ್ಲ.

## ಸೂತ್ರ

(Y − Y*) / Y* × 100 = −β (u − uₙ)

ಇಲ್ಲಿ Y ವಾಸ್ತವ ಉತ್ಪನ್ನ, Y* ಸಂಭಾವ್ಯ ಉತ್ಪನ್ನ, u ವಾಸ್ತವ ನಿರುದ್ಯೋಗ ದರ, uₙ ಸಹಜ ನಿರುದ್ಯೋಗ ದರ. ಎಡಬದಿಯದು ಉತ್ಪನ್ನದ ಅಂತರ. ಬಲಬದಿಯ ಆವರಣದಲ್ಲಿರುವುದು ಆವರ್ತಕ ನಿರುದ್ಯೋಗ. β ಎಂಬುದು ಓಕನ್ ಗುಣಾಂಕ. ಓಕನ್ ಅಮೆರಿಕಕ್ಕೆ ಅಂದಾಜಿಸಿದ ಗುಣಾಂಕ ಸುಮಾರು 3. ಈಗಿನ ಪಠ್ಯಪುಸ್ತಕಗಳು ಸಾಮಾನ್ಯವಾಗಿ 2 ಎಂದು ಹಿಡಿಯುತ್ತವೆ.

ಗುಣಾಂಕವು 1ಕ್ಕಿಂತ ಹೆಚ್ಚಾಗಿರಲು ಕಾರಣವಿದೆ. ಬೇಡಿಕೆ ಕುಸಿದಾಗ ಉದ್ದಿಮೆಗಳು ಎಲ್ಲ ಹೆಚ್ಚುವರಿ ಕಾರ್ಮಿಕರನ್ನೂ ಕೂಡಲೇ ಕೆಲಸದಿಂದ ತೆಗೆಯುವುದಿಲ್ಲ. ಮೊದಲು ದುಡಿಮೆಯ ಗಂಟೆಗಳನ್ನು ಕಡಿತಗೊಳಿಸುತ್ತವೆ. ಕೆಲವರು ಕೆಲಸ ಹುಡುಕುವುದನ್ನೇ ಬಿಟ್ಟು ನಿರುದ್ಯೋಗಿಗಳ ಲೆಕ್ಕದಿಂದ ಹೊರಗುಳಿಯುತ್ತಾರೆ. ಆದ್ದರಿಂದ ಉತ್ಪನ್ನ ಕುಸಿದಷ್ಟು ನಿರುದ್ಯೋಗ ದರ ಏರುವುದಿಲ್ಲ.

## ಲೆಕ್ಕ ಮಾಡುವ ಕ್ರಮ

ಕಲ್ಪಿತ ದೇಶವೊಂದರ ಸಂಭಾವ್ಯ ಉತ್ಪನ್ನ 10,000 ಕೋಟಿ ರೂಪಾಯಿ, ಸಹಜ ನಿರುದ್ಯೋಗ ಶೇ. 5, ವಾಸ್ತವ ನಿರುದ್ಯೋಗ ಶೇ. 7, ಗುಣಾಂಕ 2 ಎಂದಿರಲಿ.

1. ಆವರ್ತಕ ನಿರುದ್ಯೋಗ: 7 − 5 = 2 ಶೇಕಡಾ ಅಂಶ.
2. ಉತ್ಪನ್ನದ ಅಂತರ: −2 × 2 = −4, ಅಂದರೆ ಶೇ. 4ರ ಕೊರತೆ.
3. ವಾಸ್ತವ ಉತ್ಪನ್ನ: 10,000 × 0.96 = 9,600 ಕೋಟಿ ರೂಪಾಯಿ.

ಇಲ್ಲಿ ಎರಡು ತಪ್ಪುಗಳು ಸಾಮಾನ್ಯ. ಸಹಜ ದರವನ್ನು ಕಳೆಯದೆ 7ನ್ನೇ ಗುಣಿಸಿದರೆ ಶೇ. 14ರ ಕೊರತೆ ಬರುತ್ತದೆ. ಎರಡನೆಯದು ಹಿಮ್ಮುಖ ಪ್ರಶ್ನೆಯಲ್ಲಿ ಆಗುವಂಥದು. ವಾಸ್ತವ ಉತ್ಪನ್ನ 9,600 ಕೋಟಿ ಎಂದು ಕೊಟ್ಟು ಸಂಭಾವ್ಯ ಉತ್ಪನ್ನವನ್ನು ಕೇಳಿದಾಗ 9,600ಕ್ಕೆ ಅದರ ಶೇ. 4ನ್ನು ಕೂಡಿಸಿದರೆ 9,984 ಬರುತ್ತದೆ, ಅದು ತಪ್ಪು. ಶೇಕಡಾವಾರು ಅಂತರದ ಆಧಾರ ಸಂಭಾವ್ಯ ಉತ್ಪನ್ನವಾದುದರಿಂದ 9,600ನ್ನು 0.96ರಿಂದ ಭಾಗಿಸಬೇಕು. ಆಗ 10,000 ದೊರೆಯುತ್ತದೆ.

## ಮಿತಿ

ಕೂಲಿ, ಸಂಬಳದ ನೌಕರಿಯೇ ಪ್ರಧಾನವಾದ ಅರ್ಥವ್ಯವಸ್ಥೆಗೆ ಈ ನಿಯಮ ಹೆಚ್ಚು ಒಪ್ಪುತ್ತದೆ. ಧಾರವಾಡ ಜಿಲ್ಲೆಯ ಕುಬಿಹಾಳದಂಥ ಕೃಷಿಪ್ರಧಾನ ಊರಿನಲ್ಲಿ ಮಳೆ ಕೈಕೊಟ್ಟು ಬೆಳೆ ಅರ್ಧಕ್ಕಿಳಿಯಿತು ಎಂದುಕೊಳ್ಳೋಣ. ನಾಲ್ವರು ದುಡಿಯುವ ಕುಟುಂಬದಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವವರಿಲ್ಲ. ಇದ್ದ ಕಳೆ, ಕೊಯ್ಲಿನ ಕೆಲಸವನ್ನೇ ನಾಲ್ವರೂ ಹಂಚಿಕೊಳ್ಳುತ್ತಾರೆ. ಭಾರತದ ಆವರ್ತಕ ಕಾರ್ಮಿಕ ಬಲ ಸಮೀಕ್ಷೆಯು ಸ್ವಂತ ಹೊಲದಲ್ಲಿ ಸಂಬಳವಿಲ್ಲದೆ ದುಡಿಯುವ ಮನೆಯವರನ್ನೂ ಉದ್ಯೋಗಿಗಳೆಂದೇ ಎಣಿಸುತ್ತದೆ. ಹೀಗೆ ಉತ್ಪನ್ನ ಕುಸಿದರೂ ನಿರುದ್ಯೋಗ ದರ ಅಷ್ಟಾಗಿ ಏರದು. ಕೊರತೆಯು ಪ್ರಚ್ಛನ್ನ ನಿರುದ್ಯೋಗವಾಗಿ ಮನೆಯೊಳಗೇ ಉಳಿಯುತ್ತದೆ. ಅಲ್ಲದೆ ಬರವು ಬೇಡಿಕೆಯ ಕುಸಿತವಲ್ಲ, ಪೂರೈಕೆಯ ಆಘಾತ. ಅದು ಆ ವರ್ಷದ ಸಂಭಾವ್ಯ ಉತ್ಪನ್ನವನ್ನೇ ತಗ್ಗಿಸಬಹುದು.

ಆದ್ದರಿಂದ ಇಂಥ ಪ್ರದೇಶದಲ್ಲಿ ನಿರುದ್ಯೋಗ ದರ ಕಡಿಮೆಯಿದೆ ಎಂಬುದರಿಂದ ಉತ್ಪನ್ನದ ಕೊರತೆಯಿಲ್ಲ ಎಂದು ತೀರ್ಮಾನಿಸಲಾಗದು. ಅಲ್ಲಿ ದುಡಿದ ದಿನಗಳನ್ನೂ ತಲಾ ಆದಾಯವನ್ನೂ ನೋಡಬೇಕಾಗುತ್ತದೆ.