ಊಟಕ್ಕೆ ಕೂತಾಗಲೇ ದವಡೆ ಕೆಳಗೆ ಊತ ಯಾಕೆ?

[ದೃಶ್ಯ: ಮುದ್ದೆ, ಹುಳಿಸಾರಿನ ತಟ್ಟೆ]
ಚನ್ನಪಟ್ಟಣದ ಬೊಂಬೆ ಕೆಲಸಗಾರರೊಬ್ಬರು ಅಂತ ಇಟ್ಟುಕೊಳ್ಳಿ. ಎರಡು ತುತ್ತು ನುಂಗುವಷ್ಟರಲ್ಲಿ ಬಲದವಡೆ ಕೆಳಗೆ ನಿಂಬೆಹಣ್ಣಿನಷ್ಟು ಊತ, ಹಿಂಡಿದಂಥ ನೋವು. ಒಂದೆರಡು ಗಂಟೆಗೆ ಇಳಿಯುತ್ತೆ. ರಾತ್ರಿ ಊಟಕ್ಕೆ ಮತ್ತೆ ಅದೇ.

ಹೀಗೆ ಊಟದ ಹೊತ್ತಿಗೇ ಬಂದು ಹೋಗೋದೇ ಜೊಲ್ಲಿನ ನಾಳದಲ್ಲಿ ಕಲ್ಲಿದೆ ಅನ್ನೋದಕ್ಕೆ ಮುಖ್ಯ ಸುಳಿವು. ಹಲ್ಲಿನ ಕೀವು ಊಟ ಮುಗಿದ ಮೇಲೆ ಇಳಿಯೋದಿಲ್ಲ.

[ದೃಶ್ಯ: ದವಡೆಯ ಚಿತ್ರ]
ದವಡೆ ಕೆಳಗೆ ಜೊಲ್ಲು ಗ್ರಂಥಿ ಇದೆ. ಅದರ ಸುಮಾರು 5 ಸೆಂಟಿಮೀಟರ್ ಉದ್ದದ ನಾಳ ಮೇಲಕ್ಕೆ ಏರಿ ನಾಲಿಗೆ ಅಡಿಯಲ್ಲಿ ತೆರೆಯುತ್ತೆ. ಇಲ್ಲಿನ ಜೊಲ್ಲು ಮಂದ, ಸುಣ್ಣದ ಅಂಶವೂ ಹೆಚ್ಚು. ಅದಕ್ಕೇ ಜೊಲ್ಲುಕಲ್ಲುಗಳಲ್ಲಿ ಸುಮಾರು ಶೇಕಡಾ 80 ಇಲ್ಲೇ ಆಗುತ್ತವೆ. ಹುಳಿ ನಾಲಿಗೆಗೆ ತಾಗಿದ ಕೂಡಲೇ ಜೊಲ್ಲು ಉಕ್ಕುತ್ತೆ, ಕಲ್ಲು ದಾರಿ ಕಟ್ಟುತ್ತೆ, ಗ್ರಂಥಿ ಉಬ್ಬುತ್ತೆ.

[ದೃಶ್ಯ: ವೈದ್ಯರ ಕೈ]
ವೈದ್ಯರು ಒಂದು ಬೆರಳು ನಾಲಿಗೆ ಅಡಿಗೆ, ಇನ್ನೊಂದು ಕೈ ದವಡೆ ಕೆಳಗೆ ಇಟ್ಟು ಕಲ್ಲನ್ನು ತಡವುತ್ತಾರೆ. ಸ್ಕ್ಯಾನಿಂಗ್ ಮಾಡಿಸುತ್ತಾರೆ. ತೀರಾ ಸಣ್ಣ ಕಲ್ಲು ಅದರಲ್ಲೂ ಕಾಣದೆ ಹೋಗಬಹುದು.

ಸಣ್ಣ ಕಲ್ಲಾದರೆ ಚೆನ್ನಾಗಿ ನೀರು ಕುಡಿದು, ಗ್ರಂಥಿಯನ್ನು ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀವಿದರೆ ತಾನೇ ಹೊರಬರಬಹುದು. ದೊಡ್ಡದನ್ನು ವೈದ್ಯರೇ ತೆಗೆಯಬೇಕು. ಸೂಜಿಯಿಂದ ಕೆದಕಬೇಡಿ.

[ದೃಶ್ಯ: ಕೆಂಪು ಹಿನ್ನೆಲೆ]
ಜ್ವರ, ಕೀವು ಬಂದರೆ ಅಂದೇ ವೈದ್ಯರನ್ನು ನೋಡಿ. ನಾಲಿಗೆ ಮೇಲೆದ್ದು ನುಂಗಲು, ಉಸಿರಾಡಲು ಕಷ್ಟವಾದರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ. ನೋವಿಲ್ಲದೆ, ಊಟಕ್ಕೂ ಸಂಬಂಧವಿಲ್ಲದೆ ಮೂರು ವಾರ ಹಾಗೇ ಉಳಿದ ಗಡ್ಡೆ ಕಲ್ಲಿನದಲ್ಲದೆ ಇರಬಹುದು, ಪರೀಕ್ಷೆ ಮಾಡಿಸಲೇಬೇಕು.