ಮಾತಿಲ್ಲದ ಅಡುಗೆಮನೆ

ಸಂಘದ ಕಾರ್ಯಕ್ರಮಗಳಿಗೆ ಕಿರುನಾಟಕ ಬರೆಯುವ ಗೆಳೆಯರು ಆಗಾಗ ಕೇಳುತ್ತಾರೆ: ಗಂಡ ಹೆಂಡತಿಯ ಮುನಿಸನ್ನು ಒಂದೂ ಮಾತಿಲ್ಲದೆ ತೋರಿಸುವುದು ಹೇಗೆ? ನಾನು ಇದಕ್ಕೆ ಅಡುಗೆಮನೆಯನ್ನೇ ಆರಿಸುತ್ತೇನೆ. ಅಲ್ಲಿ ಜಾಗ ಕಡಿಮೆ, ಒಲೆಯ ಮೇಲಿನದನ್ನು ಬಿಟ್ಟು ಹೋಗುವಂತಿಲ್ಲ. ಬೇಡವೆಂದರೂ ಇಬ್ಬರೂ ಎದುರಾಗಲೇಬೇಕು.

ಮೊದಲು ಒಂದು ಕೆಲಸ ಗೊತ್ತುಮಾಡಿಕೊಳ್ಳಿ. ನನಗೆ ಫಿಲ್ಟರ್ ಕಾಫಿ ಅನುಕೂಲ. ಬಿಸಿನೀರು ಹಾಕಿದ ಮೇಲೆ ಡಿಕಾಕ್ಷನ್ ಇಳಿಯಲು 10-15 ನಿಮಿಷ ಬೇಕು, ಹಾಗಾಗಿ ಕಾಯದೆ ವಿಧಿಯಿಲ್ಲ. ರಂಗದ ಮೇಲೆ ಅಷ್ಟು ಹೊತ್ತು ಸಾಧ್ಯವಿಲ್ಲವಾದ್ದರಿಂದ, ಡಿಕಾಕ್ಷನ್ ಇಳಿದು ಹಾಲು ಕಾಯುತ್ತಿರುವಾಗ ಪರದೆ ತೆರೆಯಲಿ. ಮೂರು ನಿಮಿಷ ಸಾಕು.

ಎರಡನೆಯದು, ಮುನಿಸಿಗೆ ಮುಂಚೆ ಈ ಮನೆಯ ರೂಢಿ ಏನಿತ್ತು ಎಂಬುದು. ರೂಢಿ ಕಾಣದಿದ್ದರೆ ಅದು ಮುರಿದದ್ದೂ ಕಾಣುವುದಿಲ್ಲ. ಒಂದು ಉದಾಹರಣೆ ನೋಡೋಣ. ಶಾರದಾ, ರಘು ಊರಿಗೆ ಮರಳುವುದೆಂದು ಮಾತಾಗಿತ್ತು. ರಘು ಅವಳನ್ನು ಕೇಳದೆ ಕೆಲಸದ ಕರಾರನ್ನು ಇನ್ನೆರಡು ವರ್ಷ ಮುಂದುವರಿಸಿದ್ದಾನೆ.

ಶಾರದಾ ಎರಡು ಲೋಟ ತೆಗೆಯುತ್ತಾಳೆ. ಒಂದು ಕ್ಷಣ ನಿಂತು, ಒಂದನ್ನು ಮತ್ತೆ ಸ್ಟ್ಯಾಂಡಿನಲ್ಲಿಡುತ್ತಾಳೆ. ರೂಢಿ, ಅದರ ಮುರಿತ ಎರಡೂ ಇಲ್ಲೇ ಮುಗಿಯಿತು. ರಘು ಬಂದು ಆ ಲೋಟವನ್ನು ತಾನೇ ತೆಗೆದುಕೊಳ್ಳುತ್ತಾನೆ. ಸಕ್ಕರೆ ಡಬ್ಬಿ ಅವಳ ಪಕ್ಕದಲ್ಲಿದೆ. ಅವನು ಕೈ ಚಾಚಿದಾಗ ಅವಳು ಡಬ್ಬಿಯನ್ನು ಕಟ್ಟೆಯ ಮೇಲೇ ಅವನತ್ತ ತಳ್ಳುತ್ತಾಳೆ, ಕೈಗೆ ಕೊಡುವುದಿಲ್ಲ. ಅಷ್ಟರಲ್ಲಿ ಹಾಲು ಉಕ್ಕುತ್ತದೆ. ಇಬ್ಬರ ಕೈಯೂ ಒಟ್ಟಿಗೆ ಒಲೆ ಆರಿಸಲು ಹೋಗುತ್ತದೆ. ಅವನ ಕೈ ಹಿಂದೆ ಸರಿಯುತ್ತದೆ. ಅವಳು ತನ್ನ ಕಾಫಿ ಬೆರೆಸಿಕೊಂಡು, ಉಳಿದ ಡಿಕಾಕ್ಷನ್ನಿಗೆ ಮುಚ್ಚಳ ಹಾಕಿ ಅವನ ಲೋಟದ ಪಕ್ಕ ಇಟ್ಟು ಹೊರಡುತ್ತಾಳೆ. ಬೆರೆಸಿಕೊಟ್ಟಿಲ್ಲ, ಚೆಲ್ಲಿಯೂ ಇಲ್ಲ. ಅವರ ಸಂಸಾರ ಈಗ ಇರುವುದೂ ಅಲ್ಲೇ.

ಸಾಮಾನ್ಯವಾಗಿ ಕೆಡುವುದು ಪಾತ್ರೆ ಕುಕ್ಕಿಸುವುದರಿಂದ, ದುರುಗುಟ್ಟಿ ನೋಡಿಸುವುದರಿಂದ. ಸಿಟ್ಟು ಮೊದಲ ಕ್ಷಣದಲ್ಲೇ ಗೊತ್ತಾಗಿಬಿಟ್ಟರೆ ಆಮೇಲೆ ನೋಡಲು ಏನೂ ಉಳಿಯದು. ಸೂಚನೆಯಲ್ಲಿ ‘ಕೋಪದಿಂದ’, ‘ಬೇಸರದಿಂದ’ ಎಂದು ಬರೆದಿದ್ದರೆ ಹೊಡೆದುಹಾಕಿ, ಕೈ ಏನು ಮಾಡಿತು ಎಂದಷ್ಟೇ ಬರೆಯಿರಿ. ವಸ್ತುಗಳನ್ನೂ ನಂಬಿ. 2021ರ ಮಲಯಾಳಂ ಚಿತ್ರ ‘ದಿ ಗ್ರೇಟ್ ಇಂಡಿಯನ್ ಕಿಚನ್’ನಲ್ಲಿ ಸಿಂಕಿನ ಕೆಳಗೆ ಪೈಪು ಸೋರುತ್ತಲೇ ಇರುತ್ತದೆ. ಹೆಂಡತಿ ಹೇಳಿದರೂ ಗಂಡ ರಿಪೇರಿ ಮಾಡಿಸುವುದಿಲ್ಲ. ಆ ಮನೆಯಲ್ಲಿ ಅವಳ ಮಾತಿಗೆಷ್ಟು ಬೆಲೆ ಎಂಬುದನ್ನು ಆ ನೀರೇ ಹೇಳುತ್ತದೆ.

ಬರೆದದ್ದನ್ನು ಕಥೆ ಗೊತ್ತಿಲ್ಲದವರಿಗೆ ತೋರಿಸಿ ಎರಡೇ ಪ್ರಶ್ನೆ ಕೇಳಿ: ನೋವು ಯಾರಿಗಾಗಿದೆ? ರಾಜಿಗೆ ಯಾರು ಹತ್ತಿರವಿದ್ದಾರೆ? ಉತ್ತರ ಸಿಕ್ಕಿದರೆ ದೃಶ್ಯ ನಿಂತಿದೆ. ಜಗಳ ಯಾತಕ್ಕೆ ಎಂದು ಮಾತ್ರ ಕೇಳಬೇಡಿ. ಕರಾರಿನ ವಿಷಯವನ್ನು ಯಾವ ಹಾವಭಾವವೂ ಹೇಳಲಾರದು. ಅದನ್ನು ಹಿಂದಿನ ಅಥವಾ ಮುಂದಿನ ದೃಶ್ಯದ ಮಾತಿಗೆ ಬಿಡಿ.